ಗಂಟೋ, ಗಡ್ಡೆಯೋ, ದುರ್ಮಾಂಸವೋ: ಕರುಳಿನ ಪಾಲಿಪ್‌ಗೆ ಏನನ್ನೋಣ?

ವಿಜಯಪುರದಿಂದ, ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು, ವೈದ್ಯಕೀಯ ನನ್ನ ವಿಷಯವಲ್ಲ. ಹೋದ ತಿಂಗಳು ನಮ್ಮ ಅಪ್ಪನಿಗೆ ಬೆಳಗಾವಿಯಲ್ಲಿ ಕೊಲೊನೋಸ್ಕೋಪಿ, ಅಂದರೆ ದೊಡ್ಡ ಕರುಳಿಗೆ ದುರ್ಬೀನು ಹಾಕಿ ನೋಡುವ ಪರೀಕ್ಷೆ, ಮಾಡಿಸಿದೆವು. ದೊಡ್ಡ ಕರುಳಿನಲ್ಲಿ ಎರಡು ಪಾಲಿಪ್ ಸಿಕ್ಕವು, ಎರಡನ್ನೂ ಆಗಲೇ ತೆಗೆದರು. ಮನೆಗೆ ಬರುವಾಗ ಕೊಟ್ಟ ಕನ್ನಡದ ಹಾಳೆಯಲ್ಲಿ "ಕರುಳಿನ ಗಡ್ಡೆ ತೆಗೆಯಲಾಗಿದೆ, 3 ವರ್ಷಕ್ಕೆ ಕಣ್ಗಾವಲು" ಎಂದಿತ್ತು. ಅಪ್ಪ ಅದನ್ನು ಎರಡು ಸಲ ಓದಿದರು. "ಗಡ್ಡಿ ಅಂದ್ರ ಮತ್ತ ಅದ ಅಲ್ಲೇನವ್ವಾ? ನನ್ನ ಮುಂದ ಯಾಕ ಮುಚ್ಚಿಡ್ತೀರಿ?" ಎಂದರು. ಅವತ್ತು ರಾತ್ರಿ ಊಟ ಮಾಡಲಿಲ್ಲ.

ಒಂದು ವಾರಕ್ಕೆ ಲ್ಯಾಬಿನ ಕಾಗದ ಬಂತು. ಮೊದಲ ಬಾಟಲಿ: ಟ್ಯೂಬುಲರ್ ಅಡಿನೋಮಾ, ಲೋ ಗ್ರೇಡ್ ಡಿಸ್‌ಪ್ಲೇಸಿಯಾ, 0.9 ಸೆಂ.ಮೀ. ಎರಡನೆಯದು: ಹೈಪರ್‌ಪ್ಲಾಸ್ಟಿಕ್ ಪಾಲಿಪ್. "ಗ್ರೇಡ್" ಕಂಡ ಕೂಡಲೇ ನಮ್ಮ ತಮ್ಮ, ಕ್ಯಾನ್ಸರಿಗೇ ಗ್ರೇಡ್ ಹಾಕೋದು ಎಂದುಬಿಟ್ಟ. ಇದರ ಮೇಲೆ ಇನ್ನೊಂದು ಗೊಂದಲ. ಜಮಖಂಡಿಯ ನಮ್ಮ ಕಾಕಾನಿಗೂ ಎರಡು ಪಾಲಿಪ್ ತೆಗೆದಿದ್ದರು, ಅವರ ಕಾಗದದಲ್ಲೂ ಟ್ಯೂಬುಲರ್ ಅಡಿನೋಮಾ, ಲೋ ಗ್ರೇಡ್ ಎಂದೇ ಇದೆ. ಆದರೆ ಅವರಿಗೆ 7ರಿಂದ 10 ವರ್ಷ ಬಿಟ್ಟು ಬನ್ನಿ ಎಂದಿದ್ದಾರೆ. ಹೆಸರು ಒಂದೇ ಇದ್ದಾಗ ವರ್ಷ ಬೇರೆ ಯಾಕೆ ಎಂದು ಅಪ್ಪನ ಸಂಶಯ ಇನ್ನೂ ಗಟ್ಟಿಯಾಯಿತು.

ಆ ಹಾಳೆಯನ್ನು ತಿದ್ದಿ ಬರೆದುಕೊಡುತ್ತೇನೆ ಎಂದು ಆಸ್ಪತ್ರೆಯವರಿಗೆ ಹೇಳಿ ಬಂದಿದ್ದೇನೆ. ಕೇಳುವುದು ಇಷ್ಟೇ: ಪಾಲಿಪ್, ಅಡಿನೋಮಾ, ಲೋ ಗ್ರೇಡ್ ಡಿಸ್‌ಪ್ಲೇಸಿಯಾ, ಮತ್ತು ತೆಗೆದ ಮೇಲೆ ಮತ್ತೆ ಮತ್ತೆ ನೋಡುವುದು, ಇವಕ್ಕೆ ಓದುವವರ ಎದೆ ಒಡೆಯದಂಥ, ಆದರೆ ಸುಳ್ಳೂ ಹೇಳದಂಥ ಮಾತು ಯಾವುದು?

ಬಾಗಲಕೋಟೆಯಿಂದ, ನಿವೃತ್ತ ಮೇಷ್ಟ್ರು

ತಂಗಿ, ನಿಮ್ಮ ಅಪ್ಪಾಜಿಯವರ ಕಳವಳ ಅರ್ಥವಾಯಿತು. ಗಡ್ಡೆ ಬೇಡವೇ ಬೇಡ. ನಮ್ಮ ಕಡೆ ಹೊಟ್ಟೆಯಲ್ಲಿ ಗಡ್ಡೆ ಎಂದರೆ ಜನ ಬೇರೆ ಅರ್ಥವನ್ನೇ ಹಚ್ಚುವುದಿಲ್ಲ. ಮೂಗಿನಲ್ಲಿ ಬೆಳೆಯುವ ಪಾಲಿಪ್‌ಗೆ ಮೊದಲಿನಿಂದಲೂ ದುರ್ಮಾಂಸ ಎನ್ನುತ್ತೇವೆ. ಆ ಮಾತು ಇದ್ದದ್ದೇ ಇದೆ, ಆದರೆ ಅದರಲ್ಲಿರುವ "ದುರ್" ಇಲ್ಲಿ ಕಷ್ಟ ಕೊಡುತ್ತದೆ. ಪಾಲಿಪ್ ಎಂಬ ಮಾತಿನ ಮೂಲ ಗ್ರೀಕ್, ಬಹಳ ಕಾಲುಗಳುಳ್ಳದ್ದು ಎಂದು ಅರ್ಥ. ಅದು ನಮಗೆ ಉಪಯೋಗಕ್ಕೆ ಬಾರದು.

ನನ್ನ ಸಲಹೆ: ಬದನೆಕಾಯಿಗೆ ಇರುವಂತೆ ತೊಟ್ಟು ಇರುವ ಪಾಲಿಪ್ "ತೊಟ್ಟುಗಂಟು", ಕರುಳಿನ ಗೋಡೆಗೆ ಅಂಟಿ ಕೂತದ್ದು "ಅಂಟುಗಂಟು". ತೊಟ್ಟಿದ್ದರೆ ಸಾಧು, ಅಂಟಿಕೊಂಡಿದ್ದರೆ ಕೆಟ್ಟದ್ದು ಎಂದು ನಾನು ಕೇಳಿದ್ದೇನೆ. ಆದ್ದರಿಂದ ಈ ಎರಡು ಮಾತಿನಲ್ಲೇ ರೋಗದ ಗುಣವೂ ಬಂದುಬಿಡುತ್ತದೆ. ಅಡಿನೋಮಾದಿಂದ ಕ್ಯಾನ್ಸರ್‌ವರೆಗಿನದಕ್ಕೆ "ಅನುಕ್ರಮ" ಎನ್ನಬಹುದು.

ಇಂಡಿಯಿಂದ, ಕಿರಾಣಿ ಅಂಗಡಿಯವರು

ಅಕ್ಕಾರ, ನಮ್ಮ ಕಡೆ ಇದಕ್ಕ ಮೊಳಿ ಅಂತಾರ್ರಿ. ನನಗೂ ಆಗಿತ್ತು. ಸಂಡಾಸದಾಗ ರಕ್ತ ಬೀಳತಿತ್ತು, ಖಾರ ಬಿಟ್ಟೆ, ಬಿಸಿನೀರಾಗ ಕುಂತೆ, ಕಡಿಮಿ ಆತು. ಮೂರು ವರ್ಷಕ್ಕ ಯಾರೂ ಕರದಿಲ್ಲ. ಮೊಳಿ ಅಂತ ಬರದ್ರ ಎಲ್ಲಾರಿಗೂ ತಿಳೀತೈತಿ.

ಬೆಳಗಾವಿಯಿಂದ, ರೋಗಶಾಸ್ತ್ರದ ವೈದ್ಯೆ

ಇಂಡಿಯ ಅಣ್ಣಾವರು ಹೇಳಿದ್ದರಿಂದಲೇ ಶುರು ಮಾಡುತ್ತೇನೆ. ಅಣ್ಣಾ, ನಿಮಗೆ ಆಗಿದ್ದು ಮೂಲವ್ಯಾಧಿ ಇರಬಹುದು. ಅದು ಗುದದ್ವಾರದ ಹತ್ತಿರದ ರಕ್ತನಾಳದ ಉಬ್ಬು. ಪಾಲಿಪ್ ಕರುಳಿನ ಒಳಪದರದ ಬೆಳವಣಿಗೆ, ಮೇಲೆ ಎಲ್ಲಿಯಾದರೂ ಇರಬಹುದು. ಬಹಳಷ್ಟು ಪಾಲಿಪ್‌ಗಳಲ್ಲಿ ರಕ್ತವೂ ಬೀಳುವುದಿಲ್ಲ, ನೋವೂ ಇರುವುದಿಲ್ಲ. ಹಾಳೆಯಲ್ಲಿ ಮೊಳೆ ಎಂದು ಬರೆದರೆ ಪಾಲಿಪ್ ಇರುವವರು ಬಿಸಿನೀರಿನಲ್ಲಿ ಕೂತು ಸುಮ್ಮನಾಗುತ್ತಾರೆ. ಮತ್ತೆ, ನೀವು ಒಮ್ಮೆಯೂ ದುರ್ಬೀನು ಹಾಕಿಸಿ ನೋಡಿಸಿಲ್ಲದಿದ್ದರೆ, ದಯವಿಟ್ಟು ಡಾಕ್ಟರರನ್ನು ಕಾಣಿರಿ. ರಕ್ತ ಬಿದ್ದದ್ದೆಲ್ಲ ಮೊಳೆಯದೇ ಎಂದು ಹೇಳಲಾಗದು.

ಮೇಷ್ಟ್ರೇ, ತೊಟ್ಟು ಎನ್ನುವ ಮಾತು ಸರಿಯಾಗಿದೆ, ಅದನ್ನು ನಾನೂ ಬಳಸುತ್ತೇನೆ. ಆದರೆ ಅದು ಆಕಾರವನ್ನು ಹೇಳುತ್ತದೆ, ಜಾತಿಯನ್ನಲ್ಲ. ತೊಟ್ಟು ಕಾಣುವುದು ಸ್ಕೋಪ್ ಹಾಕಿದ ಡಾಕ್ಟರಿಗೆ. ಅಡಿನೋಮಾ, ಅಂದರೆ ಮುಂದೆ ಕ್ಯಾನ್ಸರ್ ಆಗಬಹುದಾದ ಜಾತಿ, ಹೌದೋ ಅಲ್ಲವೋ ಎಂದು ಖಚಿತವಾಗುವುದು ನನಗೆ, ಗಾಜಿನ ಪಟ್ಟಿಯ ಮೇಲೆ. ತೊಟ್ಟಿರುವ ಪಾಲಿಪ್ ಅಡಿನೋಮಾ ಆಗಿರಬಹುದು, ಅಂಟಿಕೊಂಡದ್ದು ಏನೂ ಮಾಡದ ಹೈಪರ್‌ಪ್ಲಾಸ್ಟಿಕ್ ಆಗಿರಬಹುದು. ತೊಟ್ಟಿನಿಂದ ಆಗುವ ಅನುಕೂಲ ಬೇರೆ: ತಂತಿಯ ಕುಣಿಕೆ ಹಾಕಿ ಬುಡಕ್ಕೇ ಬಿಗಿದು ಇಡಿಯಾಗಿ ತೆಗೆಯಬಹುದು. ತಲೆಯಲ್ಲಿ ಏನಾದರೂ ಕೆಟ್ಟದ್ದು ಶುರುವಾಗಿದ್ದರೂ ಅದಕ್ಕೂ ಕರುಳಿನ ಗೋಡೆಗೂ ನಡುವೆ ತೊಟ್ಟಿನಷ್ಟು ದೂರ ಇರುತ್ತದೆ.

ಈಗ ಗ್ರೇಡ್. ಇದೇ ನಿಮ್ಮ ಮನೆಯಲ್ಲಿ ಹೆಚ್ಚು ನೋವು ಕೊಟ್ಟ ಮಾತು. ಅಡಿನೋಮಾ ಎಂದು ಬರೆದ ಮೇಲೆ ಲೋ ಗ್ರೇಡ್ ಡಿಸ್‌ಪ್ಲೇಸಿಯಾ ಕನಿಷ್ಠ ಇದ್ದೇ ಇರುತ್ತದೆ. ಅದಿಲ್ಲದಿದ್ದರೆ ನಾವು ಅಡಿನೋಮಾ ಎಂದು ಕರೆಯುವುದೇ ಇಲ್ಲ. ಅಂದರೆ ಅದು ಏಣಿಯ ತೀರ ಕೆಳಗಿನ ಮೆಟ್ಟಿಲು, ಹೊಸದಾಗಿ ಕಂಡ ಕೆಡುಕಲ್ಲ. ಜೀವಕೋಶಗಳು ಉದ್ದುದ್ದ ಆಗಿ, ಒತ್ತೊತ್ತಾಗಿ, ಕಪ್ಪಗೆ ಬಣ್ಣ ಹಿಡಿದಿರುತ್ತವೆ, ಆದರೆ ಸಾಲು ಕೆಟ್ಟಿರುವುದಿಲ್ಲ. ಹೈ ಗ್ರೇಡ್‌ನಲ್ಲಿ ಸಾಲೂ ಕೆಡುತ್ತದೆ. ಆಗಲೂ ಅದು ಒಳಪದರದಲ್ಲೇ ಇದೆ. ಒಳಪದರದ ಬುಡದಲ್ಲಿ ತೆಳ್ಳನೆಯ ಸ್ನಾಯುವಿನ ಹಾಳೆಯೊಂದು ಇದೆ, ಹೊಲದ ಬದುವಿದ್ದಂತೆ. ಅದನ್ನು ದಾಟಿ ಕೆಳಕ್ಕೆ ಇಳಿದರೆ ಮಾತ್ರ ದೊಡ್ಡ ಕರುಳಿನಲ್ಲಿ ಹರಡಬಲ್ಲ ಕ್ಯಾನ್ಸರ್ ಎನ್ನುತ್ತೇವೆ. ನಿಮ್ಮ ತಮ್ಮನಿಗೆ ಇದನ್ನು ಹೇಳಿರಿ: ಕ್ಯಾನ್ಸರ್ ಬದು ದಾಟಿದ ಮೇಲಿನದು, ಈ ಗ್ರೇಡ್ ಬದುವಿನ ಈಚೆಯದು.

"ಅನುಕ್ರಮ"ಕ್ಕೆ ನನ್ನ ತಕರಾರು ಇದೆ. 1990ರಲ್ಲಿ ಫಿಯರನ್ ಮತ್ತು ವೋಗಲ್‌ಸ್ಟೈನ್ ಈ ಹಾದಿಯನ್ನು ಜೀನ್‌ಗಳ ಲೆಕ್ಕದಲ್ಲಿ ಬಿಡಿಸಿ ತೋರಿಸಿದರು. ಸಾಮಾನ್ಯವಾಗಿ ಮೊದಲು ಎಪಿಸಿ ಎಂಬ ಜೀನ್ ಕೆಡುತ್ತದೆ, ಸಣ್ಣ ಅಡಿನೋಮಾ ಹುಟ್ಟುತ್ತದೆ. ಆಮೇಲೆ ಕೆರಾಸ್ ಕೆಟ್ಟು ಅದು ದೊಡ್ಡದಾಗುತ್ತದೆ. ಕೊನೆಗೆ ಪಿ53 ಹೋದಾಗ ಬದು ಒಡೆಯುತ್ತದೆ. ಇದಕ್ಕೆ ಹತ್ತು ವರ್ಷವೋ ಅದಕ್ಕೂ ಹೆಚ್ಚೋ ಬೇಕು. ಆದರೆ ಹೆಚ್ಚಿನ ಅಡಿನೋಮಾಗಳು ಈ ಹಾದಿ ಮುಗಿಸುವುದೇ ಇಲ್ಲ. ಅನುಕ್ರಮ ಎಂದರೆ ಒಂದರ ಹಿಂದೆ ಒಂದು ಬಂದೇ ಬರುತ್ತದೆ ಎಂದು ಓದುವವರಿಗೆ ಅನಿಸುತ್ತದೆ. "ದಾರಿ" ಎನ್ನಿ. ದಾರಿಯಲ್ಲಿ ನಿಂತವರೆಲ್ಲ ಊರು ಮುಟ್ಟುವುದಿಲ್ಲ.

ನಿಮ್ಮ ಅಪ್ಪಾಜಿಯವರಿಗೂ ಕಾಕಾನವರಿಗೂ ವರ್ಷ ಬೇರೆ ಯಾಕೆ ಎಂಬುದಕ್ಕೆ ಉತ್ತರ ನನ್ನ ಕಾಗದದಲ್ಲಿ ಇಲ್ಲ, ಸ್ಕೋಪ್ ಕಾಗದದಲ್ಲಿದೆ. ಎಷ್ಟು ಪಾಲಿಪ್, ಎಷ್ಟು ಮಿಲಿಮೀಟರ್, ಇಡಿಯಾಗಿ ಬಂತೋ ತುಂಡಾಗಿಯೋ, ಕರುಳು ಸ್ವಚ್ಛವಿತ್ತೋ ಇಲ್ಲವೋ, ದೊಡ್ಡ ಕರುಳು ಶುರುವಾಗುವ ಸೀಕಮ್‌ವರೆಗೆ ಮುಟ್ಟಿದರೋ, ಇವೆಲ್ಲ ಅಲ್ಲಿ ಇರುತ್ತವೆ. ಅದನ್ನು ತೆಗೆದು ಇಲ್ಲಿ ಬರೆಯಿರಿ.

ವಿಜಯಪುರದಿಂದ, ಪ್ರಶ್ನೆ ಕೇಳಿದವಳು

ಮೇಡಂ, ಎರಡೂ ಕಡೆಯ ಕಾಗದ ಹುಡುಕಿದೆ. ಅಪ್ಪನದು: ಸಿಗ್ಮಾಯ್ಡ್‌ನಲ್ಲಿ ತೊಟ್ಟಿನ ಪಾಲಿಪ್, 12 ಮಿ.ಮೀ., ಇಡಿಯಾಗಿ ತೆಗೆದಿದೆ. ಗುದನಾಳದಲ್ಲಿ ಇನ್ನೊಂದು, 4 ಮಿ.ಮೀ. ಕರುಳು ಸ್ವಚ್ಛ, ಸೀಕಮ್ ಮುಟ್ಟಿದೆ. ಕಾಕಾನದು: 5 ಮತ್ತು 6 ಮಿ.ಮೀ., ಎರಡೂ ಇಡಿಯಾಗಿ. ಆದರೆ ಅಪ್ಪನದು ನಿಮ್ಮ ಲ್ಯಾಬಿನ ಕಾಗದದಲ್ಲಿ 0.9 ಸೆಂ.ಮೀ. ಅಲ್ಲವೇ? 12 ಎಲ್ಲಿಂದ ಬಂತು?

ಬೆಳಗಾವಿಯಿಂದ, ವೈದ್ಯೆ

ನಮ್ಮಲ್ಲಿಗೆ ಬರುವ ಹೊತ್ತಿಗೆ ಅದು ಫಾರ್ಮಲಿನ್‌ನಲ್ಲಿ ಕೂತು ಮುದುಡಿರುತ್ತದೆ, ತೊಟ್ಟಿನಲ್ಲಿ ರಕ್ತವೂ ಇರುವುದಿಲ್ಲ. ಸ್ಕೋಪ್ ಹಾಕಿದವರು ಅದನ್ನು ಕರುಳಿನೊಳಗೆ ಇದ್ದ ಹಾಗೆಯೇ ನೋಡಿ, ಬಿಚ್ಚಿದ ಕುಣಿಕೆಯ ಅಗಲಕ್ಕೆ ಹಿಡಿದು ಅಂದಾಜು ಮಾಡುತ್ತಾರೆ. 2020ರ ಅಮೆರಿಕದ ಸಲಹೆಗಳಲ್ಲಿ ಆ ಅಂದಾಜಿಗೇ ಬೆಲೆ. ಅದರಲ್ಲಿ 10 ಮಿ.ಮೀ. ಎಂಬುದು ಗೆರೆ. ಗೆರೆ ದಾಟಿದ ಅಡಿನೋಮಾ ಒಂದೇ ಇದ್ದರೂ 3 ವರ್ಷ. ಅದಕ್ಕಿಂತ ಸಣ್ಣವು ಒಂದೋ ಎರಡೋ, ಟ್ಯೂಬುಲರ್, ಲೋ ಗ್ರೇಡ್ ಎಂದರೆ 7ರಿಂದ 10 ವರ್ಷ. ನಿಮ್ಮ ಅಪ್ಪಾಜಿಯವರು ಗೆರೆಯ ಆಚೆ, ಕಾಕಾ ಈಚೆ, ಅಷ್ಟೇ. ಗುದನಾಳದ 4 ಮಿ.ಮೀ. ಹೈಪರ್‌ಪ್ಲಾಸ್ಟಿಕ್ ಈ ಲೆಕ್ಕಕ್ಕೆ ಏನೂ ಸೇರಿಸುವುದಿಲ್ಲ. ಯುರೋಪಿನವರು ಅದೇ ವರ್ಷ ಇನ್ನೂ ಸಡಿಲ ಮಾಡಿದರು: 10 ಮಿ.ಮೀ.ಗಿಂತ ಸಣ್ಣ, ಲೋ ಗ್ರೇಡ್ ಅಡಿನೋಮಾ ನಾಲ್ಕರವರೆಗೆ ಇದ್ದರೂ ವಿಶೇಷ ನಿಗಾ ಬೇಡ ಎಂದರು. 10ರ ಗೆರೆಯನ್ನು ಮಾತ್ರ ಅವರೂ ಬಿಟ್ಟಿಲ್ಲ.

ಕಣ್ಣಂದಾಜು ತಪ್ಪುವುದುಂಟು. 9 ಇದ್ದದ್ದನ್ನು 12 ಎಂದಿರಬಹುದು ಎಂದು ನೀವು ಕೇಳಿದರೆ, ಇಲ್ಲ ಎಂದು ನಾನು ಹೇಳಲಾರೆ. ಫೋಟೋ ಇದ್ದರೆ ಮತ್ತೆ ನೋಡಬಹುದು. ಅದು ಅವರೊಡನೆ ಕೂತು ಮಾತಾಡಬೇಕಾದ ವಿಷಯ.

ಗೋಕಾಕದಿಂದ, ಒಬ್ಬ ಓದುಗ

ನಮ್ಮ ಅವ್ವನಿಗೆ ಬಲಗಡೆಯ ಕರುಳಿನಲ್ಲಿ 25 ಮಿ.ಮೀ.ನ ಚಪ್ಪಟೆ ಪಾಲಿಪ್ ಇತ್ತು. ತುಂಡು ತುಂಡಾಗಿ ತೆಗೆದು, ಆರು ತಿಂಗಳಿಗೆ ಬನ್ನಿ ಎಂದರು. ಬೇಗ ಕರೆದರೆಂದರೆ ಕ್ಯಾನ್ಸರೇ ಎಂದು ಮನೆಯವರೆಲ್ಲ ಅತ್ತೆವು. ಆಮೇಲೆ ತಿಳಿಯಿತು, ತುಂಡಾಗಿ ತೆಗೆದಾಗ ಅಂಚಿನಲ್ಲಿ ಚೂರು ಉಳಿಯಬಹುದು, ಅದನ್ನು ನೋಡಲಿಕ್ಕೆ ಕರೆಯುತ್ತಾರೆ ಎಂದು. ಹೋದಾಗ ಜೋಳದ ಕಾಳಿನಷ್ಟು ಉಳಿದಿತ್ತು, ತೆಗೆದರು. ಆದ್ದರಿಂದ ಹಾಳೆಯಲ್ಲಿ ಅವಧಿ ಮಾತ್ರ ಬರೆಯಬೇಡಿ. ಯಾಕೆ ಎನ್ನುವ ಒಂದು ಸಾಲನ್ನೂ ಬರೆಯಿರಿ.

ಬಾಗಲಕೋಟೆಯಿಂದ, ಮೇಷ್ಟ್ರು

ಆಕಾರವೂ ಜಾತಿಯೂ ಬೇರೆ ಎಂದು ಒಪ್ಪಿದೆ, ಅನುಕ್ರಮವನ್ನೂ ಹಿಂದಕ್ಕೆ ತೆಗೆದುಕೊಂಡೆ. ಆದರೆ ಕಣ್ಗಾವಲು ಬಿಟ್ಟು ಮೇಡಂ ಬಳಸಿದ ನಿಗಾ ಎನ್ನುವುದಕ್ಕೆ ಮನಸ್ಸು ಒಪ್ಪುತ್ತಿಲ್ಲ. ನಿಗಾ ಎಂದರೆ ದಿನಾ ಇಡುವುದು, ಐಸಿಯು ಬಾಗಿಲಲ್ಲಿ ಬರೆಯುವ ಮಾತು. ಕಳೆ ತೆಗೆದ ರೈತ ಇಷ್ಟು ದಿನ ಬಿಟ್ಟು ಹೊಲಕ್ಕೆ ಹೋಗಿ ನೋಡಿ ಬರುತ್ತಾನಲ್ಲ, ಅಂಥದ್ದು ಇದು. "ಮರುನೋಟ" ಆಗಬಹುದೇ?

ಬೆಳಗಾವಿಯಿಂದ, ವೈದ್ಯೆ

ಮರುನೋಟ ಎಂದರೆ ನನ್ನ ಸ್ಲೈಡನ್ನು ಇನ್ನೊಬ್ಬರು ನೋಡುವುದು ಎಂದೂ ಆಗುತ್ತದೆ, ಮೇಷ್ಟ್ರೇ. ನನಗೆ ನಿಗಾ ಸಾಕು.

ವಿಜಯಪುರದಿಂದ, ಪ್ರಶ್ನೆ ಕೇಳಿದವಳು

ಪಾಲಿಪ್ ಮತ್ತು ಅಡಿನೋಮಾವನ್ನು ಹಾಗೆಯೇ ಇಡುತ್ತಿದ್ದೇನೆ, ಡಾಕ್ಟರ ಬಾಯಲ್ಲೂ ಕಾಗದದಲ್ಲೂ ಅವೇ ಇರುವುದರಿಂದ. ಗಡ್ಡೆ ತೆಗೆದುಹಾಕಿದೆ. ಅಪ್ಪನ ಹಾಳೆ ಸದ್ಯಕ್ಕೆ ಹೀಗಿದೆ:

"ನಿಮ್ಮ ದೊಡ್ಡ ಕರುಳಿನ ಒಳಪದರದಲ್ಲಿ ಬೆಳೆದಿದ್ದ ಎರಡು ಪಾಲಿಪ್ ಪೂರ್ತಿ ತೆಗೆದಿದ್ದೇವೆ. ಅವುಗಳಲ್ಲಿ ಕ್ಯಾನ್ಸರ್ ಕಂಡಿಲ್ಲ. ಒಂದು ಅಡಿನೋಮಾ, ಬಿಟ್ಟಿದ್ದರೆ ವರ್ಷಾನುಗಟ್ಟಲೆ ಆದ ಮೇಲೆ ಕ್ಯಾನ್ಸರ್ ಆಗಬಹುದಾದ ಜಾತಿಯದು. ಅದು 10 ಮಿಲಿಮೀಟರ್‌ಗಿಂತ ದೊಡ್ಡದಿದ್ದುದರಿಂದ, ಹೊಸದು ಬಂದಿದೆಯೇ ಎಂದು ನೋಡಲು 3 ವರ್ಷಕ್ಕೆ ಮತ್ತೆ ಕೊಲೊನೋಸ್ಕೋಪಿ ಮಾಡಿಸಬೇಕು. ಬರುವಾಗ ಸ್ಕೋಪ್ ಕಾಗದ ಮತ್ತು ಲ್ಯಾಬ್ ಕಾಗದ ಎರಡನ್ನೂ ತನ್ನಿ."

ಅಪ್ಪ ಓದಿ, "ಈಗ ತಿಳೀತು" ಎಂದರು. "ಬಿಟ್ಟಿದ್ದರೆ" ಎನ್ನುವಲ್ಲಿ ಬೆರಳಿಟ್ಟು ಸ್ವಲ್ಪ ಹೊತ್ತು ನಿಂತರು, ಆ ಮಾತನ್ನು ಉಳಿಸು ಎಂದರು. ನಿಗಾವೋ ಮರುನೋಟವೋ ಗೊತ್ತಾಗದೆ ಆ ಜಾಗದಲ್ಲಿ "ಮತ್ತೆ ಕೊಲೊನೋಸ್ಕೋಪಿ" ಎಂದು ಬಿಡಿಸಿ ಬರೆದಿದ್ದೇನೆ. ತಲೆಬರಹಕ್ಕೆ ಒಂದು ಮಾತು ಬೇಕು, ಇನ್ನೂ ಸಿಕ್ಕಿಲ್ಲ. ಮತ್ತು ಆಸ್ಪತ್ರೆಯವರು ಈಗ "ಸರೇಟೆಡ್" ಪಾಲಿಪ್‌ಗೂ ಇಂಥದೇ ಹಾಳೆ ಕೇಳಿದ್ದಾರೆ. ಅದು ಗರಗಸದ ಹಲ್ಲಿನ ಹಾಗೆ ಕಾಣುತ್ತದಂತೆ. ಆದರೆ "ಗರಗಸದ ಪಾಲಿಪ್" ಎಂದು ಬರೆದರೆ ಅಪ್ಪನಂಥವರು ಏನೆಂದುಕೊಂಡಾರು?