ಪದಚರ್ಚೆ: ಬೀಟಾವನ್ನು ‘ಅನ್‌ಲೆವರ್’, ‘ರೀಲೆವರ್’ ಮಾಡುವುದಕ್ಕೆ ಕನ್ನಡದಲ್ಲಿ ಏನನ್ನೋಣ?

ಶೈಲಜಾ:

ಬಳಗದವರಿಗೆ ನಮಸ್ಕಾರ. ಎಂ.ಕಾಂ. ಹುಡುಗರಿಗೆ ಕನ್ನಡದಲ್ಲಿ ನೋಟ್ಸ್ ಬರೆಯುತ್ತಿದ್ದೇನೆ, ಒಂದು ಕಡೆ ಪದ ಸಿಗುತ್ತಿಲ್ಲ.

ಔಷಧಿ ತಯಾರಿಸುವ ಕಂಪನಿಯೊಂದು ಹೋಟೆಲ್ ಕಟ್ಟಲು ಹೊರಟಿದೆ ಅಂತಿಟ್ಟುಕೊಳ್ಳಿ. ಹೋಟೆಲಿನಿಂದ ಮುಂದೆ ಬರುವ ಹಣದ ಇವತ್ತಿನ ಬೆಲೆ ಕಟ್ಟಲು ಒಂದು ದರ ಬೇಕು. ಔಷಧಿ ಧಂದೆಯ ದರ ಇಲ್ಲಿಗೆ ಹೊಂದುವುದಿಲ್ಲ. ಬೀಟಾ ಅಂದರೆ ಇಡೀ ಷೇರು ಮಾರುಕಟ್ಟೆ ಏರಿಳಿದಾಗ ಒಂದು ಷೇರು ಅದರ ಎಷ್ಟು ಪಟ್ಟು ಏರಿಳಿಯುತ್ತದೆ ಎಂಬ ಅಳತೆ. ಹಾಗಾಗಿ ಹೋಟೆಲ್ ಕಂಪನಿಗಳ ಬೀಟಾ ತೆಗೆದುಕೊಂಡು, ಮೊದಲು ಅದರಲ್ಲಿರುವ ಸಾಲದ ಪ್ರಭಾವ ತೆಗೆದು ಅನ್‌ಲೆವರ್ ಮಾಡಿ, ಆಮೇಲೆ ನಮ್ಮ ಯೋಜನೆಯ ಸಾಲಕ್ಕೆ ತಕ್ಕಂತೆ ರೀಲೆವರ್ ಮಾಡುತ್ತೇವೆ. ಮೊದಲನೆಯದಕ್ಕೆ ‘ಸಾಲಮುಕ್ತ ಬೀಟಾ’ ಎಂದು ಬರೆದಿದ್ದೆ. ಅದನ್ನು ಓದಿದ ಹುಡುಗರು ಸಾಲವೇ ಇಲ್ಲದ ಹೋಟೆಲ್ ಕಂಪನಿ ಎಲ್ಲಿದೆ ಅಂತ ಹುಡುಕಲು ಹೊರಟರು! ಬೇರೆ ಏನಾದರೂ ಸೂಚಿಸುತ್ತೀರಾ?

ರಾಘವೇಂದ್ರ:

ಮೇಡಂ, ಲೆವರ್ ಅಂದರೆ ಸನ್ನೆ. ಶಾಲೆಯ ವಿಜ್ಞಾನದಲ್ಲಿ ಎಲ್ಲರೂ ಓದಿರುತ್ತಾರೆ. ‘ಸನ್ನೆ ಕಳಚಿದ ಬೀಟಾ’, ‘ಸನ್ನೆ ಹೂಡಿದ ಬೀಟಾ’ ಅಂದರೆ ಆಯ್ತಲ್ವಾ? ಸಾಲ ಜಾಸ್ತಿ ಆದಷ್ಟೂ ಷೇರುದಾರರ ಪಾಲು ಜಾಸ್ತಿ ಅಲ್ಲಾಡುತ್ತದೆ, ಬೀಟಾ ಏರುತ್ತದೆ. ಅರ್ಥಕ್ಕೂ ಹೊಂದುತ್ತದೆ. ಮತ್ತೆ ಸಾಲ ಸೇರಿಸುವಾಗ ಔಷಧಿ ಕಂಪನಿಯ ಸಾಲದ ಪ್ರಮಾಣವನ್ನೇ ಹಾಕಬೇಕು, ಯಾಕಂದರೆ ಬ್ಯಾಂಕಿಗೆ ಸಹಿ ಹಾಕುವುದು ಅದೇ ತಾನೇ.

ನಾಗರಾಜ:

ಈ ಲೆವರೇಜ್ ಸಹವಾಸವೇ ಬೇಡ ಮಾರಾಯ್ರೇ. ಬ್ರೋಕರ್ ಆಪ್‌ನಲ್ಲಿ ಒಂದಕ್ಕೆ ಐದು ಪಟ್ಟು ಷೇರು ಕೊಡುತ್ತೇವೆ ಅಂತ ತೋರಿಸಿದರು, ತಗೊಂಡೆ, ಮಧ್ಯಾಹ್ನ ಮೂರು ಗಂಟೆಗೆ ಅವರೇ ಮಾರಿ ಹಾಕಿದರು. ಅನ್‌ಲೆವರ್ ಅಂದರೆ ಅದನ್ನು ಆಫ್ ಮಾಡುವುದಾ? ನಮ್ಮ ಕಡೆ ‘ಕೈಗಡ’ ಅನ್ನುತ್ತೇವೆ. ಆ ಪದ ನೋಡಿ.

ವಸಂತ:

ನಾಗರಾಜ ಅವರೇ, ನಿಮ್ಮದು ಷೇರು ಕೊಳ್ಳುವವನು ಮಾಡಿದ ಸಾಲ. ಶೈಲಜಾ ಅವರು ಕೇಳುತ್ತಿರುವುದು ಕಂಪನಿ ಮಾಡಿದ ಸಾಲದ ವಿಷಯ.

ಪದಕ್ಕೆ ಮುಂಚೆ ಲೆಕ್ಕ ನೋಡೋಣ, ನಾನು ಕಂಪನಿಗಳಿಗೆ ಬೆಲೆ ಕಟ್ಟುವ ಕೆಲಸದಲ್ಲೇ ಇರುವವನು. ಮೂರು ಹೋಟೆಲ್ ಕಂಪನಿ ಇವೆ ಅನ್ನಿ (ಅಂಕಿಗಳು ನಾನೇ ಹಾಕಿಕೊಂಡವು). ಮಾರುಕಟ್ಟೆಯಲ್ಲಿ ಕಾಣುವ ಬೀಟಾ 1.1, 1.3, 1.8. ಒಂದೇ ಧಂದೆ, ಇಷ್ಟೊಂದು ವ್ಯತ್ಯಾಸ ಯಾಕೆ? ಸಾಲ ನೋಡಿ. ಷೇರುಗಳ ಮಾರುಕಟ್ಟೆ ಬೆಲೆ ಒಂದು ರೂಪಾಯಿ ಇದ್ದರೆ ಮೊದಲನೆಯದಕ್ಕೆ 20 ಪೈಸೆ ಸಾಲ, ಎರಡನೆಯದಕ್ಕೆ 50 ಪೈಸೆ, ಮೂರನೆಯದಕ್ಕೆ 1 ರೂಪಾಯಿ 20 ಪೈಸೆ. ತೆರಿಗೆ ಶೇ. 25 ಅಂತ ಹಿಡಿದು ಇದಕ್ಕೆ ಹಾಕಿ. ಇಲ್ಲಿ βL ಮಾರುಕಟ್ಟೆಯಲ್ಲಿ ಕಾಣುವ ಬೀಟಾ, βu ಸಾಲದ ಪ್ರಭಾವ ತೆಗೆದದ್ದು, t ತೆರಿಗೆ ದರ, D/E ಒಂದು ರೂಪಾಯಿ ಷೇರು ಬೆಲೆಗೆ ಇರುವ ಸಾಲ:

```
βu = βL / (1 + (1 - t) × D/E)
```

1.1 ಅನ್ನು 1.15ರಿಂದ, 1.3 ಅನ್ನು 1.375ರಿಂದ, 1.8 ಅನ್ನು 1.9ರಿಂದ ಭಾಗಿಸಿದರೆ ಮೂರೂ 0.95ರ ಹತ್ತಿರ ಬಂದು ನಿಲ್ಲುತ್ತವೆ. ಅದು ಹೋಟೆಲ್ ಧಂದೆಯದೇ ಏರಿಳಿತ, ಉಳಿದದ್ದೆಲ್ಲ ಸಾಲ ತಂದದ್ದು. ನಿಜವಾದ ಅಂಕಿಗಳು ಇಷ್ಟು ಚೆನ್ನಾಗಿ ಕೂಡಿ ಬರುವುದಿಲ್ಲ. ಆದರೂ ಸಾಲ ತೆಗೆದ ಮೇಲೆ ಅಂತರ ಕಮ್ಮಿಯಾಗುವ ಬದಲು ಜಾಸ್ತಿಯಾದರೆ, ನೀವು ಆರಿಸಿದ ಕಂಪನಿಗಳು ಒಂದೇ ಜಾತಿಯವಲ್ಲ, ಇಲ್ಲವೇ ಸಾಲದ ಅಂಕಿ ಎಲ್ಲೋ ತಪ್ಪಿದೆ ಅಂತ ಅನುಮಾನ ಪಡಿ.

ಈಗ ವಾಪಸ್ ಸಾಲ ಸೇರಿಸುವುದು. ರಾಘವೇಂದ್ರ ಅವರು ಹೇಳಿದ ಮೊದಲ ಮಾತು ಸರಿ, ಎರಡನೆಯದನ್ನು ಒಪ್ಪಲಾರೆ. ಸಹಿ ಯಾರದ್ದು ಅನ್ನುವುದಲ್ಲ, ಹೋಟೆಲ್ ತಾನಾಗಿ ಎಷ್ಟು ಸಾಲ ಹೊರಬಲ್ಲದು ಅನ್ನುವುದು ಪ್ರಶ್ನೆ. ನೂರರಲ್ಲಿ 40 ಸಾಲ, 60 ಸ್ವಂತ ಬಂಡವಾಳ ಅನ್ನೋಣ. ಸೂತ್ರದ ಕೆಳಭಾಗದಲ್ಲಿ D/E ಜಾಗಕ್ಕೆ 40/60 ಹಾಕಿದರೆ 1.5 ಬರುತ್ತದೆ. ಈ ಸಲ 0.95 ಅನ್ನು ಅದರಿಂದ ಗುಣಿಸಬೇಕು, 1.425 ಆಯಿತು. ಸರ್ಕಾರಿ ಬಾಂಡಿಗೆ ಶೇ. 7, ಷೇರು ಮಾರುಕಟ್ಟೆಗೆ ಅದರ ಮೇಲೆ ಶೇ. 6 ಅಂತ ಹಿಡಿದರೆ ಷೇರುದಾರರು ಕೇಳುವ ದರ ಸುಮಾರು 15.55. ಸಾಲದ ಬಡ್ಡಿ 9.5, ತೆರಿಗೆ ಉಳಿತಾಯ ಕಳೆದರೆ ಸುಮಾರು 7.1. ಎರಡನ್ನೂ 60-40ರಲ್ಲಿ ಬೆರೆಸಿದರೆ ಹೋಟೆಲ್ ಯೋಜನೆಯ ದರ 12.2.

ಅದೇ ಔಷಧಿ ಕಂಪನಿಯ ಬೀಟಾ 0.6, ಸಾಲ ನೂರಕ್ಕೆ 20 ಆಗಿದ್ದರೆ ಅದರ ದರ 9.9 ಬರುತ್ತದೆ. ಶೇ. 11 ಗಳಿಸುವ ಹೋಟೆಲ್ ಆ ಲೆಕ್ಕದಲ್ಲಿ ಲಾಭದ್ದಾಗಿ ಕಾಣುತ್ತದೆ. ಅಸಲಿಗೆ ಅದು ಷೇರುದಾರರ ದುಡ್ಡು ಕರಗಿಸುವ ಯೋಜನೆ. ಆಡಳಿತ ಮಂಡಳಿಯ ಸಭೆಯಲ್ಲಿ ‘ನಮ್ಮ ಕಂಪನಿಗೆ ಹಣ ಅಗ್ಗವಾಗಿ ಸಿಗುತ್ತದೆ’ ಎಂಬ ವಾದ ಬಂದಾಗಲೆಲ್ಲ ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಡಬೇಕು ಅನಿಸುತ್ತದೆ ನನಗೆ.

ಉತ್ತರ ತಾಳೆ ನೋಡಲು ಒಂದು ಸುಲಭ ದಾರಿ ಇದೆ. ಸಾಲವೇ ಇಲ್ಲದಿದ್ದರೆ ಹೋಟೆಲಿನ ದರ 7 ಕೂಡಿಸು 0.95 ಗುಣಿಸು 6, ಅಂದರೆ 12.7. ಸಾಲ ಸೇರಿದ ಮೇಲೆ ತೆರಿಗೆ ಉಳಿತಾಯದಿಂದ ಸ್ವಲ್ಪ ಇಳಿಯಬೇಕು, ಅಷ್ಟೇ. 10ಕ್ಕೋ 10.5ಕ್ಕೋ ಬಿದ್ದರೆ ಎಲ್ಲೋ ಎಡವಟ್ಟಾಗಿದೆ, ಬಹುಶಃ 40 ಸಾಲ ಬೆರೆಸಿ ಬೀಟಾ ಮಾತ್ರ 0.95ರಲ್ಲೇ ಬಿಟ್ಟಿರುತ್ತಾರೆ.

ಪದಕ್ಕೆ ಬಂದರೆ, ಇಲ್ಲಿ ಎರಡು ಕೆಲಸಗಳಿವೆ. ‘ಸಾಲದ ಪ್ರಭಾವ ತೆಗೆದ ಬೀಟಾ’, ‘ಸಾಲದ ಪ್ರಭಾವ ಸೇರಿಸಿದ ಬೀಟಾ’. ಉದ್ದ ಹೌದು, ಆದರೆ ಯಾರೂ ಸಾಲವಿಲ್ಲದ ಕಂಪನಿ ಹುಡುಕಲು ಹೋಗುವುದಿಲ್ಲ.

ರಾಘವೇಂದ್ರ:

ವಸಂತ ಸರ್, ಒಂದು ಕೊಂಕು. ನಿಮ್ಮ ಸೂತ್ರ ಸಾಲಕ್ಕೆ ಅಪಾಯವೇ ಇಲ್ಲ ಅನ್ನುತ್ತದೆ. ಹಾಗಿದ್ದರೆ ಬ್ಯಾಂಕು 7 ಬಿಟ್ಟು 9.5 ಯಾಕೆ ಕೇಳುತ್ತದೆ?

ವಸಂತ:

ಒಳ್ಳೆಯ ಕೊಂಕು. ರಾಬರ್ಟ್ ಹಮಾಡ 1972ರಲ್ಲಿ ಬರೆದ ಲೇಖನದಿಂದ ಬಂದ ಸೂತ್ರ ಇದು. ಸಾಲದ ಬೀಟಾ ಸೊನ್ನೆ ಅಂತಲೇ ಇದರಲ್ಲಿ ಹಿಡಿದಿರುವುದು. ಆ ಎರಡೂವರೆ ಹೆಚ್ಚುವರಿಯಲ್ಲಿ ಸ್ವಲ್ಪ ಭಾಗ ವಾಪಸ್ ಬಾರದ ಸಾಲಗಳಿಗೆ ಅಂತ ಬ್ಯಾಂಕು ಮೊದಲೇ ಎತ್ತಿಡುವುದು, ಉಳಿದದ್ದು ನಿಜವಾದ ಮಾರುಕಟ್ಟೆ ಅಪಾಯ. ಸಾಲಕ್ಕೆ 0.2 ಬೀಟಾ ಕೊಟ್ಟು ನೋಡಿದೆ. ಹೋಟೆಲ್ ಧಂದೆಯ ಬೀಟಾ 0.95ರಿಂದ ಸುಮಾರು 1.01ಕ್ಕೆ ಏರುತ್ತದೆ. ಆದರೆ ವಾಪಸ್ ಸಾಲ ಸೇರಿಸುವಾಗಲೂ ಅದೇ 0.2 ಬಳಸಿದರೆ ಕೊನೆಗೆ 1.41 ಬರುತ್ತದೆ, ಮೊದಲು ಬಂದದ್ದು 1.425. ಹೋಗುವಾಗ ಒಂದು ಸೂತ್ರ, ಬರುವಾಗ ಇನ್ನೊಂದು ಹಿಡಿದರೆ ಮಾತ್ರ 1.5 ದಾಟುತ್ತದೆ. ಇಲ್ಲಿ 0.2 ಸರಿಯೋ 0.3 ಸರಿಯೋ ಅನ್ನುವುದರಲ್ಲಿ ನಮ್ಮ ಕಚೇರಿಯಲ್ಲೇ ಎರಡು ಪಂಗಡ.

ಇದಕ್ಕಿಂತ ಜಾಸ್ತಿ ಕಾಡುವುದು ಕಾಲದ ವಿಷಯ. ಬೀಟಾ ಲೆಕ್ಕ ಹಾಕುವುದು ಸಾಮಾನ್ಯವಾಗಿ ಐದು ವರ್ಷದ ತಿಂಗಳ ಅಂಕಿಗಳಿಂದ, ಸಾಲದ ಪ್ರಮಾಣ ಮಾತ್ರ ನಿನ್ನೆಯ ಬ್ಯಾಲೆನ್ಸ್ ಶೀಟಿನಿಂದ. 2020ರಲ್ಲಿ ಹೋಟೆಲುಗಳು ಬಾಗಿಲು ಹಾಕಿದ್ದವು, ಷೇರು ಬೆಲೆ ಬಿತ್ತು, ಸಾಲದ ಪ್ರಮಾಣ ತಾನೇ ಏರಿತು. ಆ ವರ್ಷ ಒಳಗೊಂಡ ಬೀಟಾವನ್ನು ಸಾಲ ತೀರಿಸಿಕೊಂಡ ಮೇಲಿನ ಪ್ರಮಾಣದಿಂದ ಭಾಗಿಸಿದರೆ, ಧಂದೆಯ ಬೀಟಾ ಇರುವುದಕ್ಕಿಂತ ಜಾಸ್ತಿ ಕಾಣುತ್ತದೆ. ಅದೇ ಐದು ವರ್ಷದ ಸರಾಸರಿ ಪ್ರಮಾಣ ಹಾಕಿ.

ಶೈಲಜಾ:

ತುಂಬಾ ಉಪಕಾರವಾಯಿತು. ಶೀರ್ಷಿಕೆಗೆ ವಸಂತ ಅವರ ಪದ ಉದ್ದವಾಯಿತು, ಹಾಗಾಗಿ ಅಲ್ಲಿ ‘ಧಂದೆಯ ಬೀಟಾ’, ‘ಷೇರಿನ ಬೀಟಾ’ ಅಂತ ಹಾಕಿ, ಒಳಗೆ ವಿವರಿಸುತ್ತೇನೆ. ‘ಸನ್ನೆ’ ನನಗೂ ಇಷ್ಟವೇ, ಆದರೆ ಹುಡುಗರು ಕಣ್ಸನ್ನೆ ಅಂತ ನಗುತ್ತಾರೆ. ಒಂದು ಅನುಮಾನ ಉಳಿದಿದೆ. ಹೋಟೆಲುಗಳು ಜಾಗ ಭೋಗ್ಯಕ್ಕೆ ಹಿಡಿದಿರುತ್ತವೆ, 2019ರಿಂದ ಆ ಬಾಡಿಗೆಯ ಹೊಣೆಯೂ ಬ್ಯಾಲೆನ್ಸ್ ಶೀಟಿಗೆ ಬಂದಿದೆ. ಅದನ್ನು ಸಾಲದಲ್ಲಿ ಸೇರಿಸಬೇಕಾ?

ವಸಂತ:

ಸೇರಿಸುವುದಾದರೆ ಮೂರು ಕಂಪನಿಗಳಿಗೂ ಸೇರಿಸಿ, ನಿಮ್ಮ 40ರಲ್ಲೂ ಸೇರಿಸಿ. ಬಿಡುವುದಾದರೆ ಎಲ್ಲ ಕಡೆ ಬಿಡಿ. ನಾನು ಸೇರಿಸುತ್ತೇನೆ.

ರಾಘವೇಂದ್ರ:

ನಾನು ಸೇರಿಸುವುದಿಲ್ಲ. ಬಾಡಿಗೆ ಬಾಡಿಗೆಯೇ. ಮತ್ತೆ ಕಣ್ಸನ್ನೆಗೆ ಯಾರೂ ನಗುವುದಿಲ್ಲ ಮೇಡಂ, ಒಂದು ಸಲ ಹಾಕಿ ನೋಡಿ.