ಫುಲ್ ತೋಳಿನ ಶರ್ಟಿನ ಕಫ್ ಒಳಗೆ ಕಡಗ ಕೂರುತ್ತಿಲ್ಲ

ಸರಸ್ವತಿಪುರಂ ಹುಡುಗ: ಮುಂದಿನ ತಿಂಗಳು ಬ್ಯಾಂಕ್ ಕೆಲಸಕ್ಕೆ ಸೇರ್ತಿದ್ದೀನಿ. ಬಲಗೈಲಿ 2.8 ಸೈಜಿನ ದುಂಡು ಬೆಳ್ಳಿ ಕಡಗ ಇದೆ, 4 ಮಿ.ಮೀ. ದಪ್ಪ. ಕಫ್ ಬಟನ್ ಹಾಕಿದ್ರೆ ಬಿಗಿಯಾಗುತ್ತೆ, ಬಿಳಿ ಬಟ್ಟೆ ಮೇಲೆ ಬೂದು ಗೆರೆ ಬೀಳುತ್ತೆ. 2.6 ತಗೊಂಡ್ರೆ ಸಾಕಾ? ಮಾಮೂಲಿ ಶರ್ಟಿಗೆ ಕಫ್‌ಲಿಂಕ್ ಹಾಕಬಹುದಾ?

ಬೆಳ್ಳಿ ಕೆಲಸ, ಅಶೋಕ ರಸ್ತೆ: ಮೊದಲು ಟೇಪು ಹಿಡಿದು ಮೂರು ಅಳತೆ ತೆಗೀರಿ. ಮಣಿಕಟ್ಟಿನ ಸುತ್ತಳತೆ ಒಂದು. ಹೆಬ್ಬೆರಳನ್ನ ಕಿರುಬೆರಳಿನ ಬುಡಕ್ಕೆ ಮಡಚಿ, ಗೆಣ್ಣುಗಳ ಮೇಲೆ ಕೈಯ ಸುತ್ತಳತೆ ಇನ್ನೊಂದು. ಮೂರನೇದು ಕಫ್ ಬಿಚ್ಚಿ ಹರಡಿ, ಬಟನ್ ನಡುವಿನಿಂದ ಕಾಜದ ಹೊರ ತುದಿವರೆಗೆ. ಅದು ಗೊತ್ತಾಗದೆ ಸೈಜು ಹೇಳೋಕೆ ಆಗಲ್ಲ.

ವಿಜಯನಗರ 2ನೇ ಹಂತ: ಗೆರೆ ಬೀಳೋದು ಕಲಬೆರಕೆ ಬೆಳ್ಳಿಯಿಂದ. 925 ಅಂದ್ರೆ ಸಾವಿರಕ್ಕೆ 75 ಪಾಲು ತಾಮ್ರ. 999 ತಗೊಳ್ಳಿ, ಕಪ್ಪಾಗೋದೇ ಇಲ್ಲ.

ಬೆಳ್ಳಿ ಕೆಲಸ, ಅಶೋಕ ರಸ್ತೆ: ಅರ್ಧ ನಿಜ ಸಾರ್. ತಾಮ್ರ ಇದ್ದಷ್ಟೂ ಬೇಗ ಕಪ್ಪಾಗುತ್ತೆ, ಆದ್ರೆ ಗಾಳೀಲಿರೋ, ಬೆವರಲ್ಲಿರೋ ಗಂಧಕದ ಅಂಶಕ್ಕೆ ಶುದ್ಧ ಬೆಳ್ಳಿಯೂ ಕಪ್ಪಾಗುತ್ತೆ. ಮೇಲಾಗಿ 999 ಮೆತ್ತಗಿರುತ್ತೆ. ತೆಳು ಕಡಗ ಮೇಜಿನ ಅಂಚಿಗೆ ತಗುಲಿ ತಗುಲಿ ಮೊಟ್ಟೆ ಆಕಾರಕ್ಕೆ ತಿರುಗುತ್ತೆ. ದಿನಾ ಹಾಕೋದಕ್ಕೆ 925 ವಾಸಿ.

ಹೊಸ ಕಡಗದಲ್ಲಿ ಗೆರೆಗೆ ಇನ್ನೊಂದು ಕಾರಣ ಉಂಟು. ಪಾಲಿಶ್ ಮಸಿ ಕೆತ್ತನೆ ಸಂದೀಲಿ ಉಳಿದಿರುತ್ತೆ. ಸೋಪುನೀರಲ್ಲಿ ಮೆತ್ತನೆ ಬ್ರಷ್ ಆಡಿಸಿ, ಪೂರ್ತಿ ಒಣಗಿಸಿ, ಬಿಳಿ ಹತ್ತಿ ಬಟ್ಟೆಯಿಂದ ಉಜ್ಜಿ ನೋಡಿ. ಬಟ್ಟೆಗೆ ಬಣ್ಣ ಹತ್ತಿದ್ರೆ ಕಫ್‌ಗೂ ಹತ್ತುತ್ತೆ. ರೋಡಿಯಂ ಪ್ಲೇಟಿಂಗ್ ಮಾಡಿಸಿದ್ರೆ ಕೆಲವು ಕಾಲ ತಡೆಯುತ್ತೆ, ಆದ್ರೆ ಕಫ್ ಉಜ್ಜೋ ಅಂಚಿನಲ್ಲೇ ಅದು ಮೊದಲು ಸವೆಯೋದು.

ಸರಸ್ವತಿಪುರಂ ಹುಡುಗ: ಮಣಿಕಟ್ಟು 17 ಸೆಂ.ಮೀ., ಮಡಚಿದ ಕೈ 19.5, ಕಫ್ 22.

ಬೆಳ್ಳಿ ಕೆಲಸ, ಅಶೋಕ ರಸ್ತೆ: ಈಗ ಸ್ಪಷ್ಟವಾಯ್ತು. ಬಳೆ ಲೆಕ್ಕದಲ್ಲಿ ಚುಕ್ಕಿ ಆದಮೇಲಿನ ಅಂಕಿ ಇಂಚಿನ ಹದಿನಾರನೇ ಪಾಲು. 2.8 ಅಂದ್ರೆ ಎರಡೂವರೆ ಇಂಚು, ಒಳವ್ಯಾಸ 63.5 ಮಿ.ಮೀ. ಎರಡೂ ಕಡೆ 4 ಮಿ.ಮೀ. ದಪ್ಪ ಸೇರಿಸಿದ್ರೆ ಹೊರಸುತ್ತು ಸುಮಾರು 22.5 ಸೆಂ.ಮೀ. ನಿಮ್ಮ ಕಫ್ 22. ಬಿಗಿಯದೇ ಇನ್ನೇನು?

2.6ರ ಒಳಸುತ್ತು 19 ಸೆಂ.ಮೀ. ಆಸುಪಾಸು, ನಿಮ್ಮ ಕೈ 19.5. ಮುಚ್ಚಿದ ಕಡಗ ಆದ್ರೆ ಕೈಗೆ ಏರೋದೇ ಕಷ್ಟ, ಏರಿದ್ರೂ ಇಳಿಯಲ್ಲ. ಅದಕ್ಕೇ 2.6ರ ಬಾಯಿ ತೆರೆದ ಕಡಗ, 3 ಮಿ.ಮೀ. ದಪ್ಪ ಮಾಡಿಸಿ. ಹೊರಸುತ್ತು 20.8ಕ್ಕೆ ಇಳಿಯುತ್ತೆ, ಕಫ್ ಮೇಲೆ ಕೆಳಗೆ ಸರಾಗವಾಗಿ ಜಾರುತ್ತೆ. ತೂಕ 13 ಗ್ರಾಂ ಆಸುಪಾಸು, ಈಗಿನದರ ಅರ್ಧ. ಹಾಕುವಾಗ ಬಾಯಿ ಅಗಲಿಸಬೇಡಿ, ಮಣಿಕಟ್ಟಿನ ಪಕ್ಕದ ತೆಳು ಭಾಗದಿಂದ ಓರೆಯಾಗಿ ತೂರಿಸಿ ತಿರುಗಿಸಿ. ದಿನಾ ಅಗಲಿಸಿ ಒತ್ತಿದ್ರೆ ಬೆಳ್ಳಿ ಗಡುಸಾಗಿ ಬಾಯಿಯ ಎದುರು ಬದೀಲಿ ಬಿರುಕು ಬಿಡುತ್ತೆ.

ಶ್ರೀರಂಗಪಟ್ಟಣ: ಪಂಚಲೋಹದ ಉಂಗುರ ಯಾವ ಬೆರಳಿಗೆ ಹಾಕ್ಬೇಕು ಅಂತಾನೂ ಹೇಳಿ. ನಂದು ನಡುಬೆರಳಲ್ಲಿದೆ, ಮಧ್ಯಾಹ್ನದ ಹೊತ್ತಿಗೆ ಕಚ್ಚಿಕೊಳ್ಳುತ್ತೆ.

ಬೆಳ್ಳಿ ಕೆಲಸ, ಅಶೋಕ ರಸ್ತೆ: ಯಾವ ಬೆರಳು ಅನ್ನೋದನ್ನ ಪುರೋಹಿತರನ್ನ ಕೇಳಿ. ಕಚ್ಚೋದು ಬೆಳಿಗ್ಗೆ ತಂಪಲ್ಲಿ ಅಳತೆ ಕೊಟ್ಟದ್ದಕ್ಕೆ ಇರಬಹುದು. ಬೆರಳು ಬಿಸಿಲಿಗೆ ಊದುತ್ತೆ, ಸಂಜೆ ಅಳೆಸಿ. ಆಫೀಸಿಗೆ 4 ಮಿ.ಮೀ. ಅಗಲದ ಸಾದಾ ಪಟ್ಟಿ ಸಾಕು. 8 ಮಿ.ಮೀ. ಪಟ್ಟಿ ಬೇಕೇ ಬೇಕು ಅಂದ್ರೆ ಸೈಜು ಸ್ವಲ್ಪ ದೊಡ್ಡದು ಹಿಡೀಬೇಕು.

ಟೈಲರ್, ಮಂಡ್ಯ: ಕಫ್‌ಲಿಂಕ್ ವಿಷಯ ಯಾರೂ ಮುಟ್ಟಲಿಲ್ಲ. ಮಾಮೂಲಿ ಕಫ್‌ಗೆ ಒಂದೇ ಕಾಜ, ಇನ್ನೊಂದು ಬದೀಲಿ ಬಟನ್. ಬಟನ್ ಬಿಚ್ಚಿ, ಅದೇ ಜಾಗದಲ್ಲಿ ಇನ್ನೊಂದು ಕಾಜ ಹಾಕಿಸಿದ್ರೆ ಆಯ್ತು. ಎರಡೂ ಕಾಜ ಅಂಚಿನಿಂದ ಒಂದೇ ದೂರದಲ್ಲಿರಬೇಕು, ಇಲ್ದಿದ್ರೆ ಒಂದು ತುದಿ ಆಚೆಗೆ ಇಣುಕುತ್ತೆ. ಎರಡು ತುದಿಯ ಒಳಮೈ ಒಂದಕ್ಕೊಂದು ತಾಗಿಸಿ, ಹಿಂದಿನ ಕಂಬಿ ನೇರ ಮಾಡಿ ತೂರಿಸಿ, ಆಮೇಲೆ ಅಡ್ಡ ತಿರುಗಿಸಿ. ಸುತ್ತಳತೆ ಬದಲಾಗಲ್ಲ, ಕಾಜದಿಂದ ಕಾಜಕ್ಕೆ ಅದೇ 22. ಕತ್ತರಿಸಿದ ಮೇಲೆ ಬಟನ್ ವಾಪಸ್ ಹಾಕೋಕೆ ಜಾಗ ಇರಲ್ಲ, ಒಂದು ಶರ್ಟಿನ ಮೇಲೆ ನೋಡಿ ಮುಂದುವರೀರಿ. ಮಡಚೋ ಡಬಲ್ ಕಫ್ ಹೊಲಿಸೋದಾದ್ರೆ ವಾಚ್ ಕಟ್ಟೋ ಎಡಗೈ ಕಫ್ ಒಂದು ಸೆಂ.ಮೀ. ಜಾಸ್ತಿ ಬಿಡಿಸಿ.

ವಿಜಯನಗರ 2ನೇ ಹಂತ: ಕಫ್‌ಲಿಂಕ್ ಇದ್ರೆ ಕಡಗ ಬಿಟ್ಟುಬಿಡೋದೇ ಸರಿ. ಒಂದೇ ಮಣಿಕಟ್ಟಿಗೆ ಎರಡು ಹೊಳಪು ಅತಿಯಾಯ್ತು.

ಬೆಳ್ಳಿ ಕೆಲಸ, ಅಶೋಕ ರಸ್ತೆ: ನಾನು ಒಪ್ಪಲ್ಲ. ಸಾದಾ ಸ್ಟೀಲ್ ಕಫ್‌ಲಿಂಕು, ಮ್ಯಾಟ್ ಪಾಲಿಶಿನ ತೆಳು ಕಡಗ ಎರಡೂ ಬೂದು ಬಿಳುಪು, ಕೈ ಇಳಿಬಿಟ್ಟಾಗ ಕಡಗ ಕಾಣೋದೂ ಇಲ್ಲ. ಚಿನ್ನದ ಬಣ್ಣದ ಕಫ್‌ಲಿಂಕ್ ಆದ್ರೆ ನಿಮ್ಮ ಮಾತು ನಿಲ್ಲುತ್ತೆ.

ಟೈಲರ್, ಮಂಡ್ಯ: ಬ್ಯಾಂಕಿನ ಕೌಂಟರಲ್ಲಿ ಕೈ ಮೇಜಿನ ಮೇಲೇ ಇರುತ್ತಲ್ಲ ಸ್ವಾಮಿ, ಇಳಿಬಿಡೋದು ಯಾವಾಗ?