ಅಪ್‌ಡೇಟ್: ಸುಳ್ಳು ಕೇಸಿನಲ್ಲಿ ಖುಲಾಸೆಯಾದ ಮೇಲೆ ಪರಿಹಾರ

ನನ್ನ ಪ್ರಶ್ನೆ: "ಕಳ್ಳತನದ ಸುಳ್ಳು ಕೇಸಿನಲ್ಲಿ ಖುಲಾಸೆಯಾಯ್ತು. ದೂರು ಕೊಟ್ಟ ಮನೆ ಮಾಲೀಕರ ಮೇಲೆ ಈಗೇನು ಮಾಡಬಹುದು?"

ಇದಕ್ಕೆ ಬಂದ ಸಲಹೆಗಳಲ್ಲಿ, ಪೊಲೀಸರಿಗೆ ಸುಳ್ಳು ಮಾಹಿತಿ ಕೊಟ್ಟದ್ದಕ್ಕೆ ಭಾರತೀಯ ನ್ಯಾಯ ಸಂಹಿತೆ ಅಂದರೆ ಬಿಎನ್‌ಎಸ್‌ನ 217ನೇ ಸೆಕ್ಷನ್‌ನಡಿ ನಾವೇ ಕೋರ್ಟಿಗೆ ಖಾಸಗಿ ದೂರು ಹಾಕುವ ಸಲಹೆ ನಡೆಯಲಿಲ್ಲ. ಸುಳ್ಳು ಮಾಹಿತಿ ಪಡೆದ ಪೊಲೀಸ್ ಅಧಿಕಾರಿಯೋ ಅವರ ಮೇಲಧಿಕಾರಿಯೋ ಲಿಖಿತ ದೂರು ಕೊಟ್ಟರೆ ಮಾತ್ರ ಕೋರ್ಟ್ ತೆಗೆದುಕೊಳ್ಳುತ್ತದೆ. ಸಕಾರಣವಿಲ್ಲದೆ ಆರೋಪ ಹೊರಿಸಿದವರಿಂದ ಕ್ರಿಮಿನಲ್ ಕೋರ್ಟೇ ಕೊಡಿಸುವ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಅಂದರೆ ಬಿಎನ್‌ಎಸ್‌ಎಸ್‌ನ 273ನೇ ಸೆಕ್ಷನ್‌ನ ಪರಿಹಾರವೂ ಕೈತಪ್ಪಿತು. ಪರಿಹಾರ ಯಾಕೆ ಕೊಡಬಾರದೆಂದು ದೂರುದಾರರಿಂದ ವಿವರಣೆ ಕೇಳುವುದನ್ನು ಮ್ಯಾಜಿಸ್ಟ್ರೇಟರು ಖುಲಾಸೆ ಆದೇಶದಲ್ಲೇ ಮಾಡಬೇಕು. ಹಾಗಾಗಿ ವಾದ ಮುಗಿಯುವ ಮುಂಚೆಯೇ ಮ್ಯಾಜಿಸ್ಟ್ರೇಟರಲ್ಲಿ ಈ ಪರಿಹಾರವನ್ನು ಲಿಖಿತವಾಗಿ ಕೇಳಿಬಿಡಿ.

ಕೈಹಿಡಿದದ್ದು ಪರಿಹಾರ ಕೋರಿ ಸಿವಿಲ್ ದಾವೆ ಹೂಡುವ ಸಲಹೆ. ತೀರ್ಪಿನ ದೃಢೀಕೃತ ನಕಲು, ವಕೀಲರ ಫೀಸಿನ ರಸೀದಿ ಸೇರಿಸಿ ದಾವೆ ಹೂಡಿದ್ದಾಗಿದೆ, ಸಮನ್ಸ್ ಹೊರಟಿದೆ. ಗಡುವು ಖುಲಾಸೆಯಾದ ದಿನದಿಂದ ಒಂದೇ ವರ್ಷ, ದಯವಿಟ್ಟು ಮರೆಯಬೇಡಿ. ನನಗೆ ಗೊತ್ತಿರದಿದ್ದ ಸಂಗತಿಯೆಂದರೆ, ಖುಲಾಸೆಯೊಂದೇ ಸಾಲದು. ಸಕಾರಣವಿಲ್ಲದೆ, ದುರುದ್ದೇಶದಿಂದ ದೂರು ಕೊಟ್ಟರೆಂದು ನಾವೇ ಸಾಬೀತು ಮಾಡಬೇಕು. ದೂರಿಗೆ ಮುಂಚಿನ ಅಡ್ವಾನ್ಸ್ ಜಗಳದ ವಾಟ್ಸಾಪ್ ಸಂದೇಶಗಳೇ ಇಲ್ಲಿ ಆಧಾರ.